ಹದಿನಾಲ್ಕು ಲಕ್ಷದ ಹಿಂದಿನ ಸಣ್ಣ ಸಾಲುಗಳು

ನಮ್ಮ ಕಡೆ ಮದುವೆ ಕಾಗದವನ್ನು ಓದುವ ಶ್ರದ್ಧೆ ನೋಡಬೇಕು. ಮೇಲಿನ ಕುಲದೇವರ ಹೆಸರಿನಿಂದ ಹಿಡಿದು, ಹುಡುಗಿಯ ಅಪ್ಪನ ಹೆಸರಿನ ಹಿಂದೆ ‘ದಿ.’ ಇದೆಯೋ ಇಲ್ಲವೋ, ಮುಹೂರ್ತ ಯಾವ ಲಗ್ನದಲ್ಲಿ, ಊಟ ಎಷ್ಟು ಗಂಟೆಗೆ ಎನ್ನುವವರೆಗೆ ಒಂದಕ್ಷರ ಬಿಡುವುದಿಲ್ಲ. ‘ಸ್ವಾಗತ ಕೋರುವವರು’ ಪಟ್ಟಿಯಲ್ಲಿ ಯಾವ ದೊಡ್ಡಪ್ಪನ ಹೆಸರು ಬಿಟ್ಟುಹೋಗಿದೆ ಎಂಬುದನ್ನು ಹಿಡಿದು ಎರಡು ದಿನ ಮಾತಾಡುವವರೂ ಇದ್ದಾರೆ. ಅದೇ ಜನ ಬ್ಯಾಂಕಿನಲ್ಲಿ ಹತ್ತು ಲಕ್ಷ ಇಟ್ಟು, ಎಫ್‌ಡಿ ರಸೀದಿ ಕೈಗೆ ಬಂದ ಕೂಡಲೇ ಒಂದೇ ಒಂದು ಅಂಕಿ ನೋಡುತ್ತಾರೆ: ಕೊನೆಗೆ ಎಷ್ಟು ಬರುತ್ತದೆ? ನೋಡಿದ ಮೇಲೆ ಅದು ಪ್ಲಾಸ್ಟಿಕ್ ಕವರಿಗೆ ಹೋಗುತ್ತದೆ, ಕವರು ಕಪಾಟಿಗೆ ಹೋಗುತ್ತದೆ, ಕಪಾಟಿನ ಕೀಲಿಕೈ ಅಕ್ಕಿ ಡಬ್ಬಿಗೆ ಹೋಗುತ್ತದೆ. ಮತ್ತೆ ಐದು ವರ್ಷ ಅದಕ್ಕೆ ಬೆಳಕಿಲ್ಲ.

ಓದದಿರುವುದಕ್ಕೂ ಕಾರಣವಿದೆ ಬಿಡಿ. ಹಿಂದಿನ ರಸೀದಿಗೆ ಒಂದು ಗತ್ತಿತ್ತು. ದಪ್ಪ ಕಾಗದ, ಬಳ್ಳಿ ಬಿಡಿಸಿದ ಅಂಚು, ಶಾಯಿಯಲ್ಲಿ ಬರೆದ ಮೊತ್ತ, ಮ್ಯಾನೇಜರರ ಸಹಿ, ದುಂಡನೆ ಸೀಲು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಶುರುಮಾಡಿದ ಮೇಲೆ ಕರಾವಳಿಯ ಅಂಗಡಿ ಮುಂಗಟ್ಟುಗಳಲ್ಲಿ ದಿನದ ಚಿಲ್ಲರೆ ಕೂಡಿ ಠೇವಣಿಯಾಗುವ ಅಭ್ಯಾಸ ಬೆಳೆಯಿತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹಳೆಯ ಹೆಸರಿನ ರಸೀದಿ ಇನ್ನೂ ಕಪಾಟಿನಲ್ಲಿದ್ದರೆ ಗಾಬರಿ ಬೇಡ, ಹೆಸರು ಹೋದರೂ ಋಣ ಹೋಗುವುದಿಲ್ಲ. ಈಗಿನ ರಸೀದಿ ಮಾತ್ರ ಬಿಳಿ ಹಾಳೆ. ಕಂಪ್ಯೂಟರಿನಿಂದ ಹೊರಬಿದ್ದ ಹದಿನೈದಿಪ್ಪತ್ತು ಇಂಗ್ಲಿಷ್ ಸಾಲು, ಕೆಳಗೆ ‘ಸಹಿ ಬೇಕಾಗಿಲ್ಲ’ ಎಂಬ ಒಂದು ಷರಾ. ಸಹಿ ಬೇಡವೆಂದರೆ ಓದುವುದೂ ಬೇಡ ಎಂದು ನಮ್ಮವರು ತಿಳಿದಂತಿದೆ.

ನಾನು ಭಟ್ಕಳ ಪೇಟೆಯಲ್ಲಿ ನಾಲ್ಕು ಅಂಗಡಿಗಳ ಲೆಕ್ಕ ಬರೆದು, ಒಂದಷ್ಟು ಜನರ ರಿಟರ್ನ್ ತುಂಬಿ ಜೀವನ ಸಾಗಿಸುವವನು. ಹಾಗಾಗಿ ಮುಟ್ಟಳ್ಳಿಯ ನಮ್ಮ ಮನೆ ಜಗಲಿಗೆ ಇಂಥ ಬಿಳಿ ಹಾಳೆಗಳು ಆಗಾಗ ಬರುತ್ತವೆ. ಈಚೆಗೆ ಬಂದದ್ದು ನಿವೃತ್ತ ಕನ್ನಡ ಶಾಲೆ ಮಾಸ್ತರರ ಹಾಳೆ. ಮಾಸ್ತರರಿಗೆ ಅರವತ್ತೇಳು. ನಿವೃತ್ತಿಯ ದುಡ್ಡಲ್ಲಿ ಉಳಿದ ಹತ್ತು ಲಕ್ಷವನ್ನು 2025ರ ಏಪ್ರಿಲ್ 2ರಂದು ಐದು ವರ್ಷಕ್ಕೆ ಇಟ್ಟಿದ್ದಾರೆ. ಒಂದನೇ ತಾರೀಖಿಗೇ ಹೋಗಿದ್ದರಂತೆ. ಅವತ್ತು ವರ್ಷದ ಲೆಕ್ಕ ಮುಗಿಸುವ ದಿನ, ಗಿರಾಕಿಗಳಿಗೆ ಬ್ಯಾಂಕು ಬಂದ್ ಎಂದು ವಾಪಸು ಕಳಿಸಿದರು.

“ತಮ್ಮಾ, ಹದಿನಾಲ್ಕು ಲಕ್ಷದ ನಲವತ್ತೊಂಬತ್ತು ಸಾವಿರದ ಒಂಬೈನೂರ ನಲವತ್ತೆಂಟು ಅಂತ ಬರದ್ದು. ಸಮ ಉಂಟಾ ನೋಡು” ಎಂದರು.

ಮಾಸ್ತರರು ಗಣಿತ ಕಲಿಸಿದವರು. ಅವರ ಲೆಕ್ಕ ಬೇರೆಯೇ ಇತ್ತು. ಹತ್ತು ಲಕ್ಷಕ್ಕೆ ಶೇಕಡಾ ಏಳೂವರೆ ಎಂದರೆ ವರ್ಷಕ್ಕೆ ಎಪ್ಪತ್ತೈದು ಸಾವಿರ, ಐದು ವರ್ಷಕ್ಕೆ ಮೂರು ಮುಕ್ಕಾಲು ಲಕ್ಷ, ಕೊನೆಗೆ ಹದಿಮೂರು ಲಕ್ಷದ ಎಪ್ಪತ್ತೈದು ಸಾವಿರ ಬರಬೇಕಿತ್ತು. ಚಕ್ರಬಡ್ಡಿ ಎಂದು ವರ್ಷಕ್ಕೊಮ್ಮೆ ಬಡ್ಡಿ ಸೇರಿಸಿ ನೋಡಿದರೆ 14,35,629. ರಸೀದಿಯಲ್ಲಿರುವುದು ಅದಕ್ಕಿಂತಲೂ ಹದಿನಾಲ್ಕು ಸಾವಿರದ ಮುನ್ನೂರು ಚಿಲ್ಲರೆ ಜಾಸ್ತಿ. ಬ್ಯಾಂಕಿನವರು ತಪ್ಪಿ ಹೆಚ್ಚು ಬರೆದುಬಿಟ್ಟರೋ, ಆಮೇಲೆ ಕಿತ್ತುಕೊಂಡಾರೋ ಎಂಬ ಚಿಂತೆ. ಕಡಿಮೆ ಬಂದರೆ ಜಗಳ ಮಾಡಬಹುದು, ಹೆಚ್ಚು ಬಂದರೆ ನಮ್ಮ ಮಾಸ್ತರರಂಥವರಿಗೆ ನಿದ್ದೆ ಬರುವುದಿಲ್ಲ.

ಉತ್ತರ ಅದೇ ಹಾಳೆಯ ಮಧ್ಯದಲ್ಲಿತ್ತು. ‘ಕಾಂಪೌಂಡಿಂಗ್: ಕ್ವಾರ್ಟರ್ಲಿ’ ಎಂಬ ಸಾಲು. ಅಂದರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುತ್ತದೆ. ನಮ್ಮ ದೇಶದ ಬ್ಯಾಂಕುಗಳಲ್ಲಿ ಬಡ್ಡಿ ಬೆಳೆಯಲು ಬಿಡುವ ಠೇವಣಿಗೆ ಸಾಮಾನ್ಯವಾಗಿ ಇದೇ ಕ್ರಮ. ಏಳೂವರೆಯನ್ನು ನಾಲ್ಕರಿಂದ ಭಾಗಿಸಿದರೆ ಮೂರು ತಿಂಗಳಿಗೆ ಶೇಕಡಾ 1.875. ಐದು ವರ್ಷದಲ್ಲಿ ಇಂಥ ಇಪ್ಪತ್ತು ಕಂತು. ಮೊಬೈಲಿನ ಕ್ಯಾಲ್ಕುಲೇಟರಿನಲ್ಲೇ ಇದನ್ನು ನೋಡಬಹುದು. 1.01875 ಅನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಮತ್ತೆ ಆ ಬಂದದ್ದರಿಂದಲೇ ಗುಣಿಸಿ. 1.0771358 ಬರುತ್ತದೆ. ಇದು ಒಂದು ವರ್ಷದ ಬೆಳವಣಿಗೆ. ಇನ್ನು ಹತ್ತು ಲಕ್ಷವನ್ನು ಈ ಅಂಕಿಯಿಂದ ಐದು ಸಲ ಗುಣಿಸುತ್ತ ಹೋದರೆ ಹದಿನಾಲ್ಕು ಲಕ್ಷದ ನಲವತ್ತೊಂಬತ್ತು ಸಾವಿರದ ಒಂಬೈನೂರ ನಲವತ್ತೆಂಟಕ್ಕೆ ಬಂದು ನಿಲ್ಲುತ್ತೀರಿ. ಒಂದೆರಡು ರೂಪಾಯಿ ಆಚೀಚೆಯಾದರೆ ಪೈಸೆ ಬಿಟ್ಟ ಲೆಕ್ಕ. ಸಾವಿರಗಳಲ್ಲಿ ವ್ಯತ್ಯಾಸ ಬಂದರೆ ಕೌಂಟರಿನಲ್ಲಿ ಕೇಳಬೇಕಾದ ಲೆಕ್ಕ. ಮಾಸ್ತರರು ಕ್ಯಾಲ್ಕುಲೇಟರ್ ನಂಬಲಿಲ್ಲ. ಕ್ಯಾಲೆಂಡರಿನ ಹಳೆಯ ಪುಟದ ಹಿಂಬದಿಯಲ್ಲಿ ಕೈಲೆಕ್ಕ ಮಾಡಿ, ಎರಡು ಕಪ್ ಚಹಾ ಮುಗಿಸಿ, “ಅಡ್ಡಿಲ್ಲ” ಎಂದರು.

ಅವರ ಅನುಮಾನದಿಂದ ಇನ್ನೊಂದು ಮಾತು ನೆನಪಾಯಿತು. ರಸೀದಿಯಲ್ಲಿ ಕೊನೆಯ ಮೊತ್ತವೂ ಹತ್ತು ಲಕ್ಷವೇ ಎಂದಿದ್ದರೆ? ಅಚ್ಚಿನ ತಪ್ಪಲ್ಲ ಅದು. ನೀವು ಕೇಳಿದ್ದು ಬಡ್ಡಿ ಬೆಳೆಯುವ ಠೇವಣಿ, ಕಂಪ್ಯೂಟರಿನಲ್ಲಿ ತೆರೆದದ್ದು ಬಡ್ಡಿ ಹೊರಗೆ ಹರಿಯುವ ಠೇವಣಿ ಎಂದು ಅರ್ಥ. ಬಡ್ಡಿ ತಿಂಗಳಿಗೋ ಮೂರು ತಿಂಗಳಿಗೋ ಉಳಿತಾಯ ಖಾತೆಗೆ ಬೀಳುತ್ತ, ಅಲ್ಲಿಂದ ಕರೆಂಟು ಬಿಲ್ಲಿಗೂ ಮೀನಿಗೂ ಸದ್ದಿಲ್ಲದೆ ಕರಗುತ್ತ ಹೋಗುತ್ತದೆ. ಐದು ವರ್ಷ ಕಳೆದು ಹೋದರೆ ಅಸಲು ಮಾತ್ರ ಕೂತಿರುತ್ತದೆ. ತಿಂಗಳ ಬಡ್ಡಿಯೇ ಬೇಕೆಂದು ಇಟ್ಟವರು ಇನ್ನೊಂದನ್ನು ಗಮನಿಸಬೇಕು. ಹತ್ತು ಲಕ್ಷಕ್ಕೆ ಏಳೂವರೆಯಂತೆ ತಿಂಗಳಿಗೆ 6,250 ಬರಬೇಕು ಎಂದು ನಾವು ಲೆಕ್ಕ ಹಾಕಿರುತ್ತೇವೆ, ಖಾತೆಗೆ ಬೀಳುವುದು ಸುಮಾರು 6,211. ನಲವತ್ತು ರೂಪಾಯಿ ನುಂಗಿದರು ಎಂದು ಹೊರಡುವ ಮೊದಲು ಯೋಚಿಸಿ: ಬಡ್ಡಿಯ ದರ ಮೂರು ತಿಂಗಳ ಲೆಕ್ಕದ್ದು. ಅದನ್ನು ಮೊದಲೇ ತಿಂಗಳ ತಿಂಗಳ ಕೊಡುವುದರಿಂದ ಅಷ್ಟು ಮುರಿದುಕೊಳ್ಳುತ್ತಾರೆ. ನಿಯಮವೇ ಹಾಗಿದೆ.

ಬಡ್ಡಿ ದರದ ಪಕ್ಕದಲ್ಲಿ ಕೆಲವೊಮ್ಮೆ ‘ಯೀಲ್ಡ್’ ಎಂದು ಇನ್ನೊಂದು ಅಂಕಿ ಕಾಣುತ್ತದೆ. ಕೆಲವು ಕಡೆ ಅದನ್ನೇ ದೊಡ್ಡದಾಗಿ ಬೋರ್ಡಿಗೆ ಹಾಕುತ್ತಾರೆ. ಮಾಸ್ತರರ ಠೇವಣಿಯನ್ನೇ ಆ ರೀತಿ ಹೇಳಬೇಕೆಂದರೆ, ಐದು ವರ್ಷದ ಬಡ್ಡಿ ನಾಲ್ಕೂವರೆ ಲಕ್ಷವನ್ನು ಐದರಿಂದ ಭಾಗಿಸಿ, ವರ್ಷಕ್ಕೆ ತೊಂಬತ್ತು ಸಾವಿರ, ಅಂದರೆ ಶೇಕಡಾ ಒಂಬತ್ತು ಎನ್ನಬಹುದು! ಸುಳ್ಳೇನಲ್ಲ, ಭಾಗಾಕಾರ ಸರಿಯೇ ಇದೆ. ಆದರೆ ಬಡ್ಡಿಯ ಮೇಲಿನ ಬಡ್ಡಿಯನ್ನು ಸರಾಸರಿಗೆ ಸೇರಿಸಿ ಉಬ್ಬಿಸಿದ ಅಂಕಿ ಅದು. ಅವಧಿ ಹತ್ತು ವರ್ಷ ಮಾಡಿದರೆ ಇನ್ನೂ ಉಬ್ಬುತ್ತದೆ. ಎರಡು ಬ್ಯಾಂಕುಗಳನ್ನು ಹೋಲಿಸುವಾಗ ಏಳೂವರೆಯನ್ನು ಏಳೂವರೆಯ ಜೊತೆಗೇ ಇಟ್ಟು ನೋಡಬೇಕು. ಮೂರು ತಿಂಗಳ ಚಕ್ರಬಡ್ಡಿ ಸೇರಿಸಿದರೂ ಮಾಸ್ತರರಿಗೆ ನಿಜವಾಗಿ ಸಿಗುವುದು ವರ್ಷಕ್ಕೆ ಶೇಕಡಾ 7.71.

“ಹಾಗಾದ್ರೆ 2030ಕ್ಕೆ ಈ ಹದಿನಾಲ್ಕು ಲಕ್ಷದ ನಲವತ್ತೊಂಬತ್ತು ಸಾವಿರ ನನ್ನ ಕೈಗೆ ಬಂತು ಅಂತ ಆಯ್ತು” ಎಂದು ಮಾಸ್ತರರು ಹಾಳೆ ಮಡಿಚಲು ಹೊರಟರು.

ಬರುವುದಿಲ್ಲ. ಬಂದರೂ ಬರಬಹುದು. ಅದೇ ಈ ಹಾಳೆಯ ತಮಾಷೆ. ರಸೀದಿಯ ಮೇಲಿನ ಕೊನೆಯ ಮೊತ್ತ ತೆರಿಗೆ ಹಿಡಿಯುವ ಮೊದಲಿನ ಮೊತ್ತ. ಮೂಲದಲ್ಲೇ ತೆರಿಗೆ ಕಡಿತ, ಅಂದರೆ ನಮ್ಮೂರಿನ ಬಾಯಲ್ಲಿ ಟಿಡಿಎಸ್, ರಸೀದಿಯ ಆ ಅಂಕಿಯೊಳಗೆ ಸೇರಿರುವುದಿಲ್ಲ. ಬೇಕಾದರೆ ತಳದಲ್ಲಿ ಒಂದು ಸಣ್ಣಕ್ಷರದ ಸಾಲು ಇರುತ್ತದೆ, ‘ತೆರಿಗೆ ನಿಯಮಕ್ಕೆ ಒಳಪಟ್ಟಿದೆ’ ಎಂದು.

2025ರ ಏಪ್ರಿಲ್ 1ರಿಂದ ಮಿತಿ ಹೀಗಿದೆ. ಅರವತ್ತು ದಾಟಿದವರಿಗೆ ಒಂದು ಬ್ಯಾಂಕಿನ ಠೇವಣಿ ಬಡ್ಡಿ ವರ್ಷಕ್ಕೆ ಒಂದು ಲಕ್ಷ ಮೀರಿದರೆ ಟಿಡಿಎಸ್, ಉಳಿದವರಿಗೆ ಐವತ್ತು ಸಾವಿರ ಮೀರಿದರೆ. ದರ ಶೇಕಡಾ ಹತ್ತು. ಪ್ಯಾನ್ ಕೊಟ್ಟಿಲ್ಲದಿದ್ದರೆ ಇಪ್ಪತ್ತು. ಮಾಸ್ತರರ ಠೇವಣಿಗೆ ಮೊದಲ ವರ್ಷದ ಬಡ್ಡಿ ಸುಮಾರು ಎಪ್ಪತ್ತೇಳು ಸಾವಿರ, ಎರಡನೆಯದು ಎಂಬತ್ತಮೂರು, ಮೂರನೆಯದು ಎಂಬತ್ತೊಂಬತ್ತೂವರೆ, ನಾಲ್ಕನೆಯದು ತೊಂಬತ್ತಾರು. ನಾಲ್ಕು ವರ್ಷ ಯಾರ ತಂಟೆಯೂ ಇಲ್ಲ. ಐದನೆಯ ವರ್ಷ ಬಡ್ಡಿಯ ಮೇಲೆ ಬಡ್ಡಿ ಬೆಳೆದು ಒಂದು ಲಕ್ಷದ ಮೂರು ಸಾವಿರ ದಾಟುತ್ತದೆ. ಮಿತಿ ಹಾಗೇ ಉಳಿದಿದ್ದರೆ ಅವತ್ತು ಟಿಡಿಎಸ್ ಬೀಳುತ್ತದೆ. ಅದೂ ಮೀರಿದ ಮೂರು ಸಾವಿರದ ಮೇಲಲ್ಲ, ಪೂರ್ತಿ ಬಡ್ಡಿಯ ಮೇಲೆ, ಸುಮಾರು ಹತ್ತು ಸಾವಿರದ ನಾನೂರು ರೂಪಾಯಿ. ಮಾಸ್ತರರು ಹೊಸದಾಗಿ ಒಂದು ರೂಪಾಯಿ ಇಟ್ಟಿಲ್ಲ, ದರ ಏರಿಲ್ಲ, ಆದರೂ ಕೈಗೆ ಬರುವುದು ಹದಿನಾಲ್ಕು ಲಕ್ಷದ ಮೂವತ್ತೊಂಬತ್ತು ಸಾವಿರದ ಆಸುಪಾಸು.

ಇಲ್ಲಿ ಇನ್ನೆರಡು ಸಂಗತಿ ಜನರಿಗೆ ಹೊಳೆಯುವುದಿಲ್ಲ. ಒಂದು, ಬಡ್ಡಿ ಕೈಗೆ ಬಂದಾಗ ತಾನೇ ತೆರಿಗೆ ಎಂದು ನಾವು ಅಂದುಕೊಂಡಿರುತ್ತೇವೆ. ಬ್ಯಾಂಕು ಹಾಗೆ ಕಾಯುವುದಿಲ್ಲ, ಪ್ರತಿ ವರ್ಷ ಆ ವರ್ಷ ಬೆಳೆದ ಬಡ್ಡಿಯ ಲೆಕ್ಕಕ್ಕೇ ಹಿಡಿಯುತ್ತದೆ. ಇನ್ನೊಂದು, ಬ್ಯಾಂಕು ಒಂದು ರಸೀದಿ ನೋಡುವುದಿಲ್ಲ, ನಿಮ್ಮ ಗ್ರಾಹಕ ಸಂಖ್ಯೆಯ ಕೆಳಗಿರುವ ಎಲ್ಲ ಶಾಖೆಗಳ ಎಲ್ಲ ಠೇವಣಿಗಳ ಬಡ್ಡಿಯನ್ನೂ ಕೂಡಿಸುತ್ತದೆ. ಮಾಸ್ತರರಿಗೆ ಅದೇ ಬ್ಯಾಂಕಿನ ಹೊನ್ನಾವರ ಶಾಖೆಯಲ್ಲಿ ಇಂಥದೇ ಇನ್ನೊಂದು ಎರಡು ಲಕ್ಷದ ರಸೀದಿ ಇದ್ದಿದ್ದರೆ ಐದನೆಯ ವರ್ಷದ ಟಿಡಿಎಸ್ ಮೂರನೆಯ ವರ್ಷಕ್ಕೇ ಬರುತ್ತಿತ್ತು. ಎರಡು ಶಾಖೆಯಲ್ಲಿ ಹಂಚಿಟ್ಟು ಜಾಣತನ ಮಾಡಿದೆ ಎಂದುಕೊಳ್ಳುವವರು ಹಳೆಯ ಲೆಡ್ಜರ್ ಪುಸ್ತಕದ ಕಾಲದವರು.

ಹಾಗೆ ಹಿಡಿದದ್ದನ್ನು ಠೇವಣಿಯೊಳಗಿಂದಲೇ ತೆಗೆದರೆ ನಷ್ಟ ತೆರಿಗೆಗಷ್ಟೇ ನಿಲ್ಲುವುದಿಲ್ಲ. ಐದು ವರ್ಷ ಕಳೆದರೂ ಅರವತ್ತು ತುಂಬದ ಒಬ್ಬ ಹೆಂಗಸು ಶೇಕಡಾ ಏಳಕ್ಕೆ ಹತ್ತು ಲಕ್ಷ ಇಟ್ಟಿದ್ದಾಳೆ ಎನ್ನಿ. ಅವಳ ಬಡ್ಡಿ ಮೊದಲ ವರ್ಷವೇ ಐವತ್ತು ಸಾವಿರ ದಾಟುತ್ತದೆ. ರಸೀದಿಯಲ್ಲಿ 14,14,778 ಎಂದಿದ್ದರೂ, ಪ್ರತಿ ಕಂತಿನಲ್ಲಿ ಹತ್ತನೇ ಒಂದು ಪಾಲು ಕಳೆಯುತ್ತ ಹೋದರೆ ಕೊನೆಗೆ ಬರುವುದು 13,66,900. ಕೊರತೆ ಸುಮಾರು ನಲವತ್ತೆಂಟು ಸಾವಿರ. ಅದರಲ್ಲಿ ತೆರಿಗೆ ನಲವತ್ತೊಂದು ಸಾವಿರದಷ್ಟು, ಉಳಿದ ಏಳು ಸಾವಿರ ಆ ತೆರಿಗೆ ದುಡ್ಡು ಒಳಗಿದ್ದಿದ್ದರೆ ಹುಟ್ಟಬಹುದಾಗಿದ್ದ ಬಡ್ಡಿ. ತೆರಿಗೆ ರಿಟರ್ನ್ ತುಂಬಿದರೆ ಆ ನಲವತ್ತೊಂದು ಲೆಕ್ಕಕ್ಕೆ ಸಿಗುತ್ತದೆ, ಏಳು ಸಾವಿರ ಹೋದದ್ದು ಹೋಯಿತು. ಟಿಡಿಎಸ್ ಉಳಿತಾಯ ಖಾತೆಯಿಂದ ತೆಗೆಯಿರಿ ಎಂದು ಮೊದಲೇ ಹೇಳಿದರೆ ಕೆಲವು ಬ್ಯಾಂಕುಗಳು ಹಾಗೆ ಮಾಡುತ್ತವೆ. ಆಗ ರಸೀದಿಯ ಮೊತ್ತ ಪೂರ್ತಿ ಬರುತ್ತದೆ. ವರ್ಷದ ಒಟ್ಟು ಆದಾಯಕ್ಕೆ ತೆರಿಗೆಯೇ ಬೀಳದ ವಯಸ್ಸಾದವರಿಗೆ ಊರೆಲ್ಲ ‘ಹದಿನೈದು ಎಚ್’ ಎಂದು ಕರೆಯುವ ಫಾರ್ಮು ಇದ್ದೇ ಇದೆ. ಒಮ್ಮೆ ಕೊಟ್ಟರೆ ಐದು ವರ್ಷಕ್ಕೂ ಸಾಕು ಎಂಬ ನಂಬಿಕೆ ಮಾತ್ರ ಸರಿಯಲ್ಲ, ಪ್ರತಿ ಏಪ್ರಿಲಿನಲ್ಲಿ ಹೊಸದಾಗಿ ಕೊಡಬೇಕು. ಮಾಸ್ತರರು ಅದನ್ನು ಕೊಡಬೇಕಾದದ್ದು 2029ರ ಏಪ್ರಿಲಿನಲ್ಲಿ, ಅವರಿಗೆ ಎಪ್ಪತ್ತೊಂದು ನಡೆಯುವಾಗ. ಕಪಾಟಿನೊಳಗಿನ ರಸೀದಿ ಅದನ್ನು ಕೂಗಿ ಹೇಳುವುದಿಲ್ಲ, ಅದಕ್ಕೆ ಅವರ ಕೈಯಲ್ಲೇ ರಸೀದಿಯ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆಸಿದೆ. ಟಿಡಿಎಸ್ ಬೀಳದ ವರ್ಷದ ಬಡ್ಡಿಯೂ ಆದಾಯವೇ ಎಂಬುದನ್ನೂ ಸೇರಿಸಿದೆ. ಅವರಿಗೆ ಅದು ಅಷ್ಟು ರುಚಿಸಲಿಲ್ಲ.

ವಯಸ್ಸಿನ ಮಾತು ಬಂದಾಗ ಒಂದು ಪರೀಕ್ಷೆ ಹೇಳುತ್ತೇನೆ. ಬ್ಯಾಂಕಿಗೆ ನಿಮ್ಮ ಜನ್ಮದಿನ ಸರಿಯಾಗಿ ಗೊತ್ತಿದೆಯೇ ಎಂಬುದು ರಸೀದಿಯ ಬಡ್ಡಿ ದರದಲ್ಲೇ ಕಾಣುತ್ತದೆ. ಹಿರಿಯರಿಗೆ ಸಾಮಾನ್ಯವಾಗಿ ಅರ್ಧ ಶೇಕಡಾ ಹೆಚ್ಚು. ಅವತ್ತಿನ ಸಾಮಾನ್ಯ ದರವೇ ನಿಮ್ಮ ರಸೀದಿಯಲ್ಲೂ ಇದ್ದರೆ, ಕಂಪ್ಯೂಟರಿನಲ್ಲಿ ನೀವಿನ್ನೂ ಪ್ರಾಯದವರು. ಸಂತೋಷಪಡಬೇಡಿ, ಟಿಡಿಎಸ್ ಮಿತಿಯೂ ಪ್ರಾಯದವರದ್ದೇ ಇರುತ್ತದೆ.

ಭಟ್ಕಳದ ಕಥೆ ದುಬೈ, ಮಸ್ಕತ್ತು, ದಮ್ಮಾಮು ಬಿಟ್ಟು ಮುಗಿಯುವುದಿಲ್ಲ. ಅಲ್ಲಿಂದ ಮಕ್ಕಳು ಕಳಿಸಿದ ದುಡ್ಡಿನ ರಸೀದಿಯಲ್ಲಿ ಮೊದಲು ನೋಡಬೇಕಾದದ್ದು ಮೂರು ಇಂಗ್ಲಿಷ್ ಅಕ್ಷರ. ಎನ್‌ಆರ್‌ಇ ಎಂದಿದ್ದರೆ ಅವರು ಅನಿವಾಸಿಯಾಗಿರುವ ತನಕ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ರಸೀದಿಯ ಮೊತ್ತವೇ ಕೈಗೆ ಬರುವ ಮೊತ್ತ. ಕೊನೆಯ ಅಕ್ಷರ ಓ ಆಗಿ ಎನ್‌ಆರ್‌ಓ ಎಂದಿದ್ದರೆ ಮೊದಲ ರೂಪಾಯಿಯಿಂದಲೇ ಶೇಕಡಾ ಮೂವತ್ತು, ಮೇಲೆ ಸೆಸ್ಸು. ಲಕ್ಷದ ಮಿತಿಯೂ ಇಲ್ಲ, ಹದಿನೈದು ಎಚ್ಚೂ ಇಲ್ಲ. ಒಂದಕ್ಷರದಲ್ಲಿ ಬಡ್ಡಿಯ ಮೂರನೇ ಒಂದು ಭಾಗದ ಹತ್ತಿರ ಹೋಗುತ್ತದೆ. ಎನ್‌ಆರ್‌ಇ ಠೇವಣಿಯನ್ನು ಒಂದು ವರ್ಷ ತುಂಬುವ ಮೊದಲೇ ಮುರಿದರೆ ಬಡ್ಡಿಯೇ ಸಿಗುವುದಿಲ್ಲ, ಹಾಗಾಗಿ ತಾರೀಖನ್ನೂ ಓದಿಕೊಳ್ಳಿ. ಅವರು ಗಲ್ಫ್ ಬಿಟ್ಟು ಊರಿಗೇ ಬಂದು ನೆಲೆಸಿದ ಮೇಲೆ ಬ್ಯಾಂಕಿಗೆ ತಿಳಿಸಿ ಖಾತೆಯ ಬಗೆ ಬದಲಿಸಬೇಕು. ಅಲ್ಲಿಂದ ಮುಂದೆ ಆ ರಸೀದಿಯೂ ಮಾಸ್ತರರ ರಸೀದಿಯ ಹಾದಿಗೇ ಬರುತ್ತದೆ.

ಕೊನೆಗೆ ನಾಮಿನಿಯ ಸಾಲು. ಮಾಸ್ತರರ ಹಾಳೆಯಲ್ಲಿ ‘ನಾಮಿನೇಷನ್ ರಿಜಿಸ್ಟರ್ಡ್: ಎಸ್’ ಎಂದಷ್ಟೇ ಇತ್ತು. ಹೆಸರಿಲ್ಲ.

“ನನ್ನ ಹೆಂಡ್ತಿ ಹೆಸ್ರು ಎಸ್ ಅಲ್ಲ ಮಾರಾಯ” ಎಂದರು ಮಾಸ್ತರರು.

ಠೇವಣಿದಾರರು ಒಪ್ಪಿಗೆ ಕೊಟ್ಟರೆ ನಾಮಿನಿಯ ಹೆಸರನ್ನೂ ಅಚ್ಚು ಹಾಕುತ್ತಾರೆ, ಇಲ್ಲದಿದ್ದರೆ ನೋಂದಣಿ ಆಗಿದೆ ಎಂದಷ್ಟೇ. ಹೆಸರು ಬರೆಸಿಕೊಳ್ಳುವುದೇ ಮೇಲು. ಏಕೆಂದರೆ ಆ ‘ಎಸ್’ ಹಿಂದೆ ಇರುವುದು ಯಾರು ಎಂದು ನಮಗೇ ಮರೆತಿರಬಹುದು: ಹೆಂಡತಿಯೋ, ಆಗಲೇ ತೀರಿಹೋದ ಅಮ್ಮನೋ, ಮದುವೆಗೆ ಮುಂಚಿನ ಹೆಸರಿನ ತಂಗಿಯೋ. ಉಳಿತಾಯ ಖಾತೆಗೆ ನಾಮಿನಿ ಇದ್ದ ಮಾತ್ರಕ್ಕೆ ಠೇವಣಿಗೂ ಇದ್ದಾರೆ ಎಂದುಕೊಳ್ಳಬಾರದು, ಪ್ರತಿ ಠೇವಣಿಗೂ ಅದರದೇ ನೋಂದಣಿ. ಹೊಸದಕ್ಕೆ ಡಿಎ 1 ಫಾರ್ಮು, ರದ್ದಿಗೆ ಡಿಎ 2, ಬದಲಿಸಲು ಡಿಎ 3 ಎಂದು ಬಹುಕಾಲದ ರೂಢಿ. 2025ರ ನವೆಂಬರ್ 1ರಿಂದ ಒಬ್ಬರ ಬದಲು ನಾಲ್ವರವರೆಗೆ ನಾಮಿನಿ ಮಾಡಬಹುದು. ಇಂತಿಷ್ಟು ಶೇಕಡಾ ಎಂದು ಪಾಲು ಹಂಚಬಹುದು, ಕೂಡಿದರೆ ನೂರು ಬರಬೇಕು. ಅಥವಾ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಎಂದು ಸಾಲಾಗಿ ನಿಲ್ಲಿಸಬಹುದು.

ಮಾಸ್ತರರಿಗೆ ಇಬ್ಬರು ಗಂಡು, ಒಬ್ಬಳು ಹೆಣ್ಣು. ನಾಮಿನಿ ಎಂದರೆ ಆಸ್ತಿ ಬರೆದುಕೊಟ್ಟಂತೆ ಎಂದು ತಿಳಿದು, ಯಾರ ಹೆಸರು ಹಾಕಿದರೆ ಯಾರಿಗೆ ಸಿಟ್ಟು ಎಂದು ಹೆದರಿದ್ದರು. ಹಾಗಲ್ಲ. ಬ್ಯಾಂಕು ಯಾರ ಕೈಗೆ ದುಡ್ಡು ಕೊಟ್ಟು ಋಣಮುಕ್ತವಾಗಬೇಕು ಎಂಬುದಷ್ಟೇ ಆ ಸಾಲು ಹೇಳುವುದು. ತೆಗೆದುಕೊಂಡ ನಾಮಿನಿ ಅದನ್ನು ವಾರಸುದಾರರಿಗೆ ಲೆಕ್ಕ ಒಪ್ಪಿಸಬೇಕು. 2010ರಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಠೇವಣಿಯ ವಿಷಯದಲ್ಲೇ ಇದನ್ನು ಹೇಳಿದೆ. ಯಾರಿಗೆ ಸೇರಬೇಕು ಎನ್ನುವುದು ಮರಣಶಾಸನದ ಅಥವಾ ಉತ್ತರಾಧಿಕಾರ ಕಾನೂನಿನ ಮಾತು. ಇನ್ನು ‘ಐದರ್ ಆರ್ ಸರ್ವೈವರ್’ ಎಂದು ಗಂಡಹೆಂಡಿರ ಜಂಟಿ ಹೆಸರಲ್ಲಿದ್ದರೆ ಒಬ್ಬರು ಹೋದ ಮೇಲೆ ಉಳಿದವರೇ ಬ್ಯಾಂಕಿನ ಎದುರು ಹಕ್ಕುದಾರರು, ಇಬ್ಬರೂ ಇಲ್ಲದಾಗ ಮಾತ್ರ ನಾಮಿನಿಯ ಸರದಿ.

ಇಷ್ಟು ಮುಗಿಸುವಷ್ಟರಲ್ಲಿ ಕತ್ತಲಾಗುತ್ತ ಬಂದಿತ್ತು. ಮಾಸ್ತರರು ಮತ್ತೊಮ್ಮೆ ಹಾಳೆ ಬಿಡಿಸಿ, ಈ ಸಲ ತಾವೇ ಹುಡುಕಿ, “ಆಟೋ ರಿನ್ಯೂವಲ್: ನೋ ಅಂತುಂಟು, ಇದೆಂತದು?” ಎಂದರು. ಒಳ್ಳೆಯ ಪ್ರಶ್ನೆ. 2030ರ ಏಪ್ರಿಲ್ 2ಕ್ಕೆ ಅವರು ಹೋಗಿ ಹೇಳದಿದ್ದರೆ ಠೇವಣಿ ತಾನಾಗಿ ಮುಂದುವರಿಯುವುದಿಲ್ಲ. ಅಲ್ಲಿಂದ ಉಳಿತಾಯ ಖಾತೆಯ ದರ ಅಥವಾ ಠೇವಣಿಯ ಹಳೆಯ ದರ, ಎರಡರಲ್ಲಿ ಕಡಿಮೆ ಯಾವುದೋ ಅದು. 2021ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಮಾಡಿದ ನಿಯಮ. ಹತ್ತು ವರ್ಷ ಯಾರೂ ಕೇಳದಿದ್ದರೆ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಕೇಳುವವರಿಗೆ ಠೇವಣಿ ಇದೆ ಎಂದು ಗೊತ್ತಿದ್ದರೆ.

ಮಾಸ್ತರರು ಮಾರನೆಯ ದಿನವೇ ಬ್ಯಾಂಕಿಗೆ ಹೋಗಿ ಹೊಸ ಹಾಳೆ ತಂದರು. ‘ಎಸ್’ ಪಕ್ಕದಲ್ಲಿ ಹೆಂಡತಿಯ ಹೆಸರು ಆಧಾರ್ ಕಾರ್ಡಿನಲ್ಲಿರುವ ಹಾಗೆಯೇ ಬಂದಿದೆ. ಅದನ್ನು ಅವರ ಮನೆಯವರು ಎರಡೂ ಕೈಯಲ್ಲಿ ಹಿಡಿದು ನಿಧಾನ ಓದಿ, “ಇಷ್ಟು ದಿವ್ಸ ಹತ್ತು ಲಕ್ಷ ಉಂಟು ಅಂತ ನಂಗೆ ಹೇಳ್ಲಿಲ್ಲ ಅಲ್ದಾ?” ಎಂದು ಕೇಳಿದರಂತೆ. ಅದಕ್ಕೆ ಯಾವ ಫಾರ್ಮು ಕೊಡಬೇಕೆಂದು ಮಾಸ್ತರರು ಈಗ ನನ್ನನ್ನು ಕೇಳುತ್ತಿದ್ದಾರೆ.